ಹ್ಯಾಂಬರ್ಗ್‌ನಲ್ಲಿ ಬಾರದ ಸೂಟ್‌ಕೇಸು: ಪ್ರವಾಸ ವಿಮೆಯ ಒಂದು ಕ್ಲೇಮಿನ ಪ್ರಕರಣ ಅಧ್ಯಯನ

ಧಾರವಾಡದ ಸಪ್ತಾಪುರದಲ್ಲಿ ವಾಸವಾಗಿರುವ ನಿವೃತ್ತ ಕಾಲೇಜು ಅಧ್ಯಾಪಕರೊಬ್ಬರು ಮತ್ತು ಅವರ ಪತ್ನಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಮಗಳ ಮನೆಗೆ ಫೆಬ್ರುವರಿಯಲ್ಲಿ ಹೋಗಿದ್ದಾಗ ಅವರ ಎರಡು ಸೂಟ್‌ಕೇಸುಗಳಲ್ಲಿ ಒಂದು ಕಾಣೆಯಾಯಿತು ಮತ್ತು ಅದು ಮತ್ತೆ ಸಿಗಲಿಲ್ಲ. ಅವರು ಹೊರಡುವ ಮೊದಲೇ ಪ್ರವಾಸ ವಿಮೆ ಮಾಡಿಸಿದ್ದರು. ಕಳೆದುಹೋದ ಸಾಮಾನಿನ ಮೌಲ್ಯವನ್ನು ₹1,19,000 ಎಂದು ಲೆಕ್ಕ ಹಾಕಿ ಕ್ಲೇಮು ಸಲ್ಲಿಸಿದಾಗ, ಸಾಮಾನು ನಷ್ಟದ ಬಾಬ್ತಿನಲ್ಲಿ ವಿಮಾ ಕಂಪನಿ ಕೊಡಲು ಒಪ್ಪಿದ ಮೊತ್ತ ₹4,900. ಆ ಪತ್ರವನ್ನು ಹಿಡಿದುಕೊಂಡು ಹುಬ್ಬಳ್ಳಿಯ ನಮ್ಮ ಕಚೇರಿಗೆ ಬಂದ ಮಾಸ್ತರರು ಕೇಳಿದ್ದು ಒಂದೇ ಮಾತು: "ಇದು ತಪ್ಪೋ, ಮೋಸೋ, ಇಲ್ಲಾ ನಿಯಮಾನ ಹಿಂಗೈತೋ, ನೀವ ಹೇಳ್ರೀ." ಪಾಲಿಸಿಯ ವಾಕ್ಯಗಳನ್ನೂ ಅವರ ಬಳಿಯಿದ್ದ ಕಾಗದಗಳನ್ನೂ ಎದುರುಬದುರು ಇಟ್ಟು ನೋಡಿದಾಗ, ಕಡಿತಗಳಲ್ಲಿ ಹೆಚ್ಚಿನವು ನಿಯಮದಂತೆಯೇ ಇದ್ದವು, ಒಂದು ಕಡಿತವಂತೂ ಕೇವಲ ಒಂದು ಕಾಗದದ ಕೊರತೆಯಿಂದ ಬಂದಿತ್ತು. ವೈದ್ಯಕೀಯ ವೆಚ್ಚದ ಭಾಗವು ಈ ಪ್ರಕರಣದಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಬದಿಗಿಟ್ಟಿದ್ದೇನೆ. ವಿಮಾನಯಾನ ಸಂಸ್ಥೆ ಮತ್ತು ವಿಮಾ ಕಂಪನಿಯ ಹೆಸರುಗಳನ್ನು ಹೇಳುತ್ತಿಲ್ಲ.

ಅವರ ಪಾಲಿಸಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ನಾಲ್ಕು ಬಾಬ್ತುಗಳಿದ್ದವು. ವಿಮಾನ ನಿಗದಿತ ಹೊರಡುವ ಸಮಯಕ್ಕಿಂತ ಆರು ಗಂಟೆಗೂ ಹೆಚ್ಚು ತಡವಾದರೆ ಪ್ರತಿಯೊಬ್ಬರಿಗೂ 30 ಡಾಲರ್. ಚೆಕ್‌ಇನ್ ಮಾಡಿದ ಸಾಮಾನು ಹನ್ನೆರಡು ಗಂಟೆಗಿಂತ ತಡವಾಗಿ ಬಂದರೆ ತುರ್ತು ಖರೀದಿಗೆ 100 ಡಾಲರ್‌ವರೆಗೆ. ಆ ಸಾಮಾನು ಪೂರ್ತಿ ಕಳೆದುಹೋದರೆ 1,000 ಡಾಲರ್‌ವರೆಗೆ. ಪ್ರವಾಸವನ್ನೇ ರದ್ದು ಮಾಡಬೇಕಾಗಿ ಬಂದರೆ ಮರಳಿ ಸಿಗದ ಮುಂಗಡ ಹಣಕ್ಕೆ 1,000 ಡಾಲರ್‌ವರೆಗೆ. ಇವು ಆ ಒಂದು ಪಾಲಿಸಿಯ ಅಂಕಿಗಳು. ಕಂಪನಿಯಿಂದ ಕಂಪನಿಗೆ ಗಂಟೆಗಳೂ ಮೊತ್ತಗಳೂ ಬದಲಾಗುತ್ತವೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಡಾಲರಿಗೆ ₹85ರ ದರವನ್ನೇ ಉದ್ದಕ್ಕೂ ಬಳಸಿದ್ದೇನೆ.

ಮೊದಲು ವಿಮಾನ ತಡವಾದ ಬಾಬ್ತು. ದಂಪತಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ಟಿನಲ್ಲಿ ಹೋಗಿ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಹ್ಯಾಂಬರ್ಗ್‌ಗೆ ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸಿದ್ದರು. ಬೆಂಗಳೂರಿನಿಂದ ಹೊರಡುವ ವಿಮಾನ ತಾಂತ್ರಿಕ ಕಾರಣದಿಂದ ಆರು ಗಂಟೆ ಇಪ್ಪತ್ತೈದು ನಿಮಿಷ ತಡವಾಗಿ ಹೊರಟಿತು, ಆದರೆ ಫ್ರಾಂಕ್‌ಫರ್ಟ್ ತಲುಪುವಾಗ ವಿಳಂಬ ಐದು ಗಂಟೆ ಐವತ್ತು ನಿಮಿಷಕ್ಕೆ ಇಳಿದಿತ್ತು. ಮಾಸ್ತರರು ಕ್ಲೇಮಿನೊಂದಿಗೆ ಕೊಟ್ಟದ್ದು ವಿಮಾನಯಾನ ಸಂಸ್ಥೆ ಕಳಿಸಿದ್ದ ಎಸ್‌ಎಂಎಸ್‌ನ ಚಿತ್ರ ಮತ್ತು ಇಳಿದ ಸಮಯವನ್ನು ಮಾತ್ರ ಹೇಳುವ ಒಂದು ಸಾಲಿನ ಇಮೇಲ್. ಅದನ್ನು ನೋಡಿದ ವಿಮಾ ಕಂಪನಿಗೆ ವಿಳಂಬ ಆರು ಗಂಟೆಗಿಂತ ಕಡಿಮೆ ಎಂದೇ ಕಂಡಿತು. ಪಾಲಿಸಿಯಲ್ಲಿ ಲೆಕ್ಕ ಹೊರಡುವ ಸಮಯದಿಂದ ಎಂದು ಸ್ಪಷ್ಟವಾಗಿ ಬರೆದಿತ್ತು. ಆದ್ದರಿಂದ ಬೇಕಾದದ್ದು ವಿಮಾನದ ಸಂಖ್ಯೆ, ದಿನಾಂಕ, ನಿಗದಿತ ಮತ್ತು ನಿಜವಾದ ಹೊರಡುವ ಸಮಯ ಹಾಗೂ ವಿಳಂಬದ ಕಾರಣ, ಈ ಎಲ್ಲವೂ ಇರುವ ವಿಳಂಬ ಪ್ರಮಾಣಪತ್ರ. ಅನೇಕ ವಿಮಾನಯಾನ ಸಂಸ್ಥೆಗಳು ಇದನ್ನು ಕೇಳಿದರೆ ಕೊಡುತ್ತವೆ, ಕೇಳದಿದ್ದರೆ ಕೊಡುವುದಿಲ್ಲ. ಕಾರಣವೂ ಬರೆದಿರಲೇಬೇಕು, ಏಕೆಂದರೆ ಪ್ರಯಾಣ ಆರಂಭಕ್ಕೆ ಮೊದಲೇ ಗೊತ್ತಿದ್ದ ಮುಷ್ಕರದಂಥ ಕೆಲವು ಕಾರಣಗಳನ್ನು ಪಾಲಿಸಿಗಳು ಹೊರಗಿಡುತ್ತವೆ. ಸರಿಯಾದ ಪ್ರಮಾಣಪತ್ರವನ್ನು ಬೋರ್ಡಿಂಗ್ ಪಾಸುಗಳೊಂದಿಗೆ ಕೊಟ್ಟ ಮೇಲೆ ಇಬ್ಬರಿಗೂ ಸೇರಿ 60 ಡಾಲರ್, ಅಂದರೆ ₹5,100 ಬಂತು. ಈ ಬಾಬ್ತಿಗೆ ಊಟ, ವಸತಿಯ ರಸೀದಿಗಳು ಬೇಕಾಗಲಿಲ್ಲ. ಮೊತ್ತ ನಿಗದಿಯಾಗಿರುವಲ್ಲಿ ಖರ್ಚಿನ ಪುರಾವೆ ಕೇಳುವುದಿಲ್ಲ, ಖರ್ಚು ಭರಿಸುವ ರೀತಿಯ ಪಾಲಿಸಿಯಲ್ಲಿ ಕೇಳುತ್ತಾರೆ.

ಇಲ್ಲಿ ನಮ್ಮ ಭಾಗದವರಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಹುಬ್ಬಳ್ಳಿಯಿಂದ ಬೆಂಗಳೂರು ಅಥವಾ ಮುಂಬಯಿಗೆ ಬೇರೆ ಟಿಕೆಟ್ ತೆಗೆದುಕೊಳ್ಳುವುದು ಅಗ್ಗವೆನ್ನಿಸುತ್ತದೆ. ಆದರೆ ಗೋಕುಲ ರಸ್ತೆಯ ನಿಲ್ದಾಣದಿಂದ ಹೊರಡುವ ವಿಮಾನ ತಡವಾಗಿ, ಅದರಿಂದ ವಿದೇಶದ ವಿಮಾನ ತಪ್ಪಿದರೆ, ಅನೇಕ ವಿದೇಶ ಪ್ರವಾಸ ಪಾಲಿಸಿಗಳಲ್ಲಿ ಆ ನಷ್ಟ ಸೇರುವುದಿಲ್ಲ; ವಿದೇಶಕ್ಕೆ ಹೊರಡುವ ವಿಮಾನದಿಂದಲೇ ಅವುಗಳ ಜವಾಬ್ದಾರಿ ಆರಂಭವಾಗುತ್ತದೆ. ಮಾಸ್ತರರು ಬೆಂಗಳೂರಿನಲ್ಲಿ ಒಂದು ರಾತ್ರಿ ತಂಗಿ ಹೋಗಿದ್ದರಿಂದ ಈ ಪ್ರಶ್ನೆ ಏಳಲಿಲ್ಲ.

ಇನ್ನು ಪ್ರಕರಣದ ಮುಖ್ಯ ಭಾಗ. ಫ್ರಾಂಕ್‌ಫರ್ಟ್‌ನಲ್ಲಿ ಮುಂದಿನ ವಿಮಾನ ತಪ್ಪಿದ್ದರಿಂದ ಅವರನ್ನು ನಂತರದ ವಿಮಾನದಲ್ಲಿ ಕಳಿಸಲಾಯಿತು. ಹ್ಯಾಂಬರ್ಗ್‌ನ ಬೆಲ್ಟಿನ ಮೇಲೆ ಒಂದೇ ಸೂಟ್‌ಕೇಸು ಬಂತು. ಹೊರಗೆ ಕಾಯುತ್ತಿದ್ದ ಮಗಳು ಫೋನಿನಲ್ಲಿ "ಮನೀಗೆ ಬರ್ರೀ ಪಪ್ಪಾ, ಆನ್‌ಲೈನ್ ಕಂಪ್ಲೇಂಟ್ ಕೊಡೋಣ" ಎಂದಳಂತೆ; ಆದರೆ ಅವರ ಪತ್ನಿ ಪಟ್ಟು ಹಿಡಿದು ಸಾಮಾನಿನ ದೂರು ಕೌಂಟರಿನ ಮುಂದೆ ನಿಂತರು. ಈ ಒಂದು ಪಟ್ಟಿನಿಂದಲೇ ಕ್ಲೇಮು ಉಳಿಯಿತು ಎನ್ನಬಹುದು. ಕೌಂಟರಿನಲ್ಲಿ ದೂರು ಕೊಟ್ಟಾಗ ಸಿಗುವ ಕಾಗದಕ್ಕೆ ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್ ಎನ್ನುತ್ತಾರೆ. ಎಲ್ಲರ ಬಾಯಲ್ಲಿ ಅದು ಪಿಐಆರ್. ಅದರ ಮೇಲೆ ಹತ್ತು ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ: ಮೊದಲ ಮೂರು ದೂರು ದಾಖಲಾದ ನಿಲ್ದಾಣದ ಸಂಕೇತ (ಇವರದರಲ್ಲಿ HAM), ನಂತರದ ಎರಡು ವಿಮಾನಯಾನ ಸಂಸ್ಥೆಯ ಸಂಕೇತ, ಕೊನೆಯ ಐದು ಅಂಕೆಗಳು. ಈ ಸಂಖ್ಯೆಯಿಂದಲೇ ಬ್ಯಾಗಿನ ಹುಡುಕಾಟ ನಡೆಯುತ್ತದೆ, ಮತ್ತು ವಿಮಾ ಕಂಪನಿ ಮೊದಲು ಕೇಳುವ ಕಾಗದವೂ ಇದೇ. ನಿಲ್ದಾಣದಿಂದ ಹೊರಬಿದ್ದ ಮೇಲೆ ಕೊಟ್ಟ ದೂರನ್ನು, ಬ್ಯಾಗು ಬೆಲ್ಟಿನ ಮೇಲೆ ಬಂದಿರಲಿಲ್ಲ ಎಂಬುದಕ್ಕೆ ಪುರಾವೆಯಾಗಿ ಒಪ್ಪಿಸುವುದು ಬಹಳ ಕಷ್ಟ.

ಆದರೆ ಆ ಪಿಐಆರ್‌ನಲ್ಲಿ ಒಳಗಿನ ವಸ್ತುಗಳ ಕಾಲಮ್ಮಿನಲ್ಲಿ ಅವರು ಬರೆಸಿದ್ದು "ಬಟ್ಟೆಗಳು, ಉಡುಗೊರೆಗಳು" ಎಂದಷ್ಟೇ. ಎರಡು ತಿಂಗಳ ನಂತರ ವಿಮಾ ಕಂಪನಿಗೆ ಕೊಟ್ಟ ಪಟ್ಟಿಯಲ್ಲಿ ಕ್ಯಾಮೆರಾ, ಬೆಳ್ಳಿಯ ದೀಪಗಳು ಕಾಣಿಸಿಕೊಂಡಾಗ ಪರಿಶೀಲಿಸುವವರಿಗೆ ಅನುಮಾನ ಬಂದದ್ದು ಸಹಜ. ವಿಮಾನಯಾನ ಸಂಸ್ಥೆ ಕೆಲವು ದಿನಗಳ ನಂತರ ವಿವರವಾದ ವಸ್ತುಪಟ್ಟಿಯ ಫಾರ್ಮನ್ನು ಕಳಿಸುತ್ತದೆ. ಅದನ್ನು ತಡಮಾಡದೆ, ಬ್ರಾಂಡು, ಕೊಂಡ ವರ್ಷ, ಬೆಲೆಗಳೊಂದಿಗೆ ತುಂಬಿ ಕಳಿಸಿದರೆ ಕೌಂಟರಿನ ಅವಸರದಲ್ಲಿ ಬಿಟ್ಟುಹೋದದ್ದನ್ನು ಸರಿಪಡಿಸಿದಂತಾಗುತ್ತದೆ. ಇವರು ಹಾಗೆ ಮಾಡಿದ್ದರು, ಅದರ ಪ್ರತಿಯನ್ನು ಮಾತ್ರ ವಿಮಾ ಕಂಪನಿಗೆ ಕೊಟ್ಟಿರಲಿಲ್ಲ.

ಮೊದಲ ಸಂಜೆ ಸೂಟ್‌ಕೇಸು ಬಾರದಿದ್ದಾಗ ಹ್ಯಾಂಬರ್ಗ್‌ನ ಚಳಿಗೆ ಅವರ ಪತ್ನಿಯ ಬಳಿ ಇದ್ದದ್ದು ಒಂದು ಶಾಲು. ಉಣ್ಣೆಯ ಕೋಟು ಕಳೆದ ಸೂಟ್‌ಕೇಸಿನಲ್ಲಿತ್ತು. ಮಗಳು ಅಂದೇ ಒಂದು ಜಾಕೆಟ್ಟು, ಒಳಉಡುಪು, ಸಾಬೂನು, ಬ್ರಷ್ಷು ಕೊಂಡಳು. ವಿಳಂಬದ ಬಾಬ್ತಿಗೆ ಹನ್ನೆರಡು ಗಂಟೆಯ ಷರತ್ತಿರುವುದರಿಂದ, ವಿಮಾನ ಇಳಿದ ಐದು ಗಂಟೆಯೊಳಗೆ ಕೊಂಡ ಈ ಸಾಮಾನುಗಳ ರಸೀದಿಯನ್ನು ಕಂಪನಿ ಮೊದಲು ತಳ್ಳಿಹಾಕಿತು. ಪಾಲಿಸಿಯ ವಾಕ್ಯವನ್ನು ಮತ್ತೆ ಓದಿದಾಗ ಷರತ್ತು ಇದ್ದದ್ದು ಬ್ಯಾಗು ಬರುವುದರ ಮೇಲೆ; ಖರೀದಿ ಯಾವ ಗಂಟೆಯಲ್ಲಿ ಆಗಬೇಕೆಂದು ಅದರಲ್ಲಿ ಎಲ್ಲೂ ಹೇಳಿರಲಿಲ್ಲ. ಬ್ಯಾಗು ಹನ್ನೆರಡು ಗಂಟೆಯಲ್ಲಷ್ಟೇ ಅಲ್ಲ, ಎಂದೂ ಬರಲಿಲ್ಲ. ಈ ಮಾತನ್ನು ಬರೆದು ಕೇಳಿದ ಮೇಲೆ ಅವರು ಒಪ್ಪಿದರು; ಅದೇ ರಸೀದಿಯಲ್ಲಿದ್ದ ಸುಗಂಧದ್ರವ್ಯವನ್ನು ಅಗತ್ಯವಸ್ತುವಲ್ಲವೆಂದು ಹೊಡೆದುಹಾಕಿ, ಉಳಿದದ್ದಕ್ಕೆ ಮಿತಿಯ ಪೂರ್ತಿ ₹8,500 ಕೊಟ್ಟರು. ಬೇರೆ ಪಾಲಿಸಿಯಲ್ಲಿ ವಾಕ್ಯ ಬೇರೆ ಇರಬಹುದಾದ್ದರಿಂದ ಇದು ಎಲ್ಲೆಡೆ ನಡೆಯುವ ವಾದವಲ್ಲ. ಇದೇ ಬಾಬ್ತಿನಲ್ಲಿ ಇನ್ನೊಂದು ಮಿತಿಯಿದೆ: ಊರಿಗೆ ಮರಳುವಾಗ ಭಾರತದಲ್ಲಿ ಬ್ಯಾಗು ತಡವಾದರೆ ಹೆಚ್ಚಿನ ಪಾಲಿಸಿಗಳು ಏನೂ ಕೊಡುವುದಿಲ್ಲ, ಮನೆಯಲ್ಲಿ ಬಟ್ಟೆಯಿರುತ್ತದೆ ಎಂಬ ಲೆಕ್ಕ ಅವರದು.

ಬ್ಯಾಗು 'ತಡ'ದಿಂದ 'ನಷ್ಟ'ಕ್ಕೆ ಯಾವಾಗ ದಾಟುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನಯಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರ ಪ್ರಕಾರ ಬ್ಯಾಗು ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ, ಅಥವಾ ಅದಕ್ಕೆ ಮೊದಲೇ ಸಂಸ್ಥೆ ನಷ್ಟವನ್ನು ಒಪ್ಪಿಕೊಂಡರೆ, ಪ್ರಯಾಣಿಕ ಅದನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ಹಾನಿಯಾದ ಬ್ಯಾಗಿಗೆ ಏಳು ದಿನಗಳಲ್ಲಿ, ತಡವಾಗಿ ಬಂದ ಬ್ಯಾಗಿಗೆ ಅದು ಕೈಸೇರಿದ 21 ದಿನಗಳಲ್ಲಿ ಲಿಖಿತ ದೂರು ಕೊಡಬೇಕು. ದಾವೆ ಹೂಡಲು ಎರಡು ವರ್ಷದ ಅವಧಿ. ಸಂಸ್ಥೆಯ ಹೊಣೆಯ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ ಆಗಿದೆ; ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಇದು ಗರಿಷ್ಠ ಮಿತಿಯೇ ಹೊರತು ತಾನಾಗಿ ಕೈಸೇರುವ ಮೊತ್ತವಲ್ಲ. ಮೌಲ್ಯವನ್ನು ಪ್ರಯಾಣಿಕನೇ ತೋರಿಸಬೇಕು. ವಿಮಾ ಕಂಪನಿ 21 ದಿನ ಕಳೆದದ್ದನ್ನಷ್ಟೇ ನೋಡಿ ಹಣ ಕೊಡುವುದಿಲ್ಲ, ಬ್ಯಾಗು ಸಿಗಲಿಲ್ಲವೆಂದು ವಿಮಾನಯಾನ ಸಂಸ್ಥೆಯೇ ಬರೆದುಕೊಟ್ಟ ಪತ್ರವನ್ನು ಕೇಳುತ್ತದೆ. ಮಾಸ್ತರರು 22ನೆಯ ದಿನ ಪಿಐಆರ್ ಸಂಖ್ಯೆ, ಬ್ಯಾಗಿನ ಟ್ಯಾಗ್ ಸಂಖ್ಯೆಗಳನ್ನು ಬರೆದು ಇಮೇಲ್ ಕಳಿಸಿದರು. ಎರಡು ನೆನಪೋಲೆಗಳ ನಂತರ ನಷ್ಟದ ಪತ್ರವೂ ₹24,000ಕ್ಕೆ ಸಮನಾದ ಪರಿಹಾರವೂ ಬಂದವು.

ಈಗ ₹1,19,000ರ ಲೆಕ್ಕಕ್ಕೆ ಬರೋಣ. ಅದರಲ್ಲಿ ₹38,000ರ ಕ್ಯಾಮೆರಾ, ₹22,000ರ ಬೆಳ್ಳಿಯ ದೀಪಗಳು, ಮತ್ತು ಪೇಢೆ, ಬ್ಯಾಡಗಿ ಮೆಣಸಿನಪುಡಿ, ಚಟ್ನಿಪುಡಿಗಳಿಗೆ ಹಾಕಿದ್ದ ₹3,400 ನೇರವಾಗಿ ಹೋದವು. ಎಲೆಕ್ಟ್ರಾನಿಕ್ ವಸ್ತು, ಬೆಲೆಬಾಳುವ ಲೋಹ, ನಗದು, ಆಭರಣ, ಕೆಡುವ ತಿನಿಸು, ಇವುಗಳನ್ನು ಚೆಕ್‌ಇನ್ ಸಾಮಾನಿನ ವಿಮೆಯಿಂದ ಹೊರಗಿಡುವುದು ರೂಢಿ. ಬಿಲ್ಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಇದಕ್ಕೆ ಪರಿಹಾರವಿಲ್ಲ, ಕೈಚೀಲದಲ್ಲಿ ಒಯ್ಯುವುದೊಂದೇ ದಾರಿ.

ಉಳಿದದ್ದು ₹55,600. ಹುಬ್ಬಳ್ಳಿಯ ದಾಜಿಬಾನಪೇಟೆಯಲ್ಲಿ ₹14,000ಕ್ಕೆ ಕೊಂಡಿದ್ದ ಇಳಕಲ್ ರೇಷ್ಮೆ ಸೀರೆಗೆ ಕೈಬರಹದ ಬಿಲ್ಲಿತ್ತು. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯಿಲ್ಲವೆಂದು ಆಕ್ಷೇಪ ಬಂತು. ಹೊರಡುವ ಹಿಂದಿನ ರಾತ್ರಿ "ಎಲ್ಲಾ ತುಂಬೇವಿ ನೋಡವಾ" ಎಂದು ತೆರೆದ ಸೂಟ್‌ಕೇಸಿನ ಫೋಟೋ ತೆಗೆದು ಅವರ ಪತ್ನಿ ಮಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಸೀರೆಯ ಕೊಂಡಿ ಸೆರಗು, ಅದರ ಪಕ್ಕದಲ್ಲಿ ಮಡಚಿಟ್ಟ ಉಣ್ಣೆಯ ಕೋಟು ಆ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು, ಕಳಿಸಿದ ದಿನಾಂಕವೂ ಇತ್ತು. ಬಿಲ್ಲು ಕೊಂಡದ್ದನ್ನು ಹೇಳುತ್ತದೆ, ಆ ವಸ್ತು ಅಂದು ಆ ಪೆಟ್ಟಿಗೆಯಲ್ಲೇ ಇತ್ತು ಎಂದು ಹೇಳುವುದಿಲ್ಲ; ಫೋಟೋ ಆ ಕೊರತೆಯನ್ನು ತುಂಬಿತು. ಹಾಗಿದ್ದರೂ ಒಂದು ವಸ್ತುವಿಗೆ ವಿಮಾ ಮೊತ್ತದ ಶೇ 10ರ ಮಿತಿ ಇದ್ದುದರಿಂದ ಸೀರೆಗೆ ಸಿಕ್ಕದ್ದು ₹8,500. ಹೊಸ ಕೋಟಿಗೆ ಬಿಲ್ಲಿನಂತೆ ₹6,800, ಅಳಿಯನಿಗೆಂದು ಕೊಂಡ ಬಟ್ಟೆಗೆ ₹5,000 ಪೂರ್ತಿ ಒಪ್ಪಿಗೆಯಾಯಿತು. ಹಳೆಯ ಸೂಟ್‌ಕೇಸಿನ ₹7,600ರಲ್ಲಿ ಸವಕಳಿ ಕಳೆದು ₹6,000, ಎರಡು ವರ್ಷದ ಬೂಟಿನ ₹4,200ರಲ್ಲಿ ಕಾರ್ಡಿನ ಸ್ಟೇಟ್‌ಮೆಂಟ್ ನೋಡಿ ₹2,100. ಬಿಲ್ಲಿಲ್ಲದ ಉಳಿದ ಬಟ್ಟೆಗಳಿಗೆ ಕೇಳಿದ್ದ ₹18,000ರಲ್ಲಿ ಅರ್ಧ. ಒಟ್ಟು ಒಪ್ಪಿತವಾದದ್ದು ₹37,400.

ಈ ಹಂತದಲ್ಲಿ ಒಂದು ಕಡಿತ ಸ್ವಲ್ಪದರಲ್ಲಿ ತಪ್ಪಿತು. ಬೆಂಗಳೂರಿನ ಕೌಂಟರಿನಲ್ಲಿ ಎರಡೂ ಸೂಟ್‌ಕೇಸುಗಳ ಟ್ಯಾಗುಗಳು ಮಾಸ್ತರರ ಹೆಸರಿನಲ್ಲೇ ಮುದ್ರಿತವಾಗಿದ್ದವು. ಒಬ್ಬನೇ ಒಂದಕ್ಕಿಂತ ಹೆಚ್ಚು ಬ್ಯಾಗುಗಳನ್ನು ಕೊಟ್ಟಿದ್ದರೆ ಒಂದು ಬ್ಯಾಗಿಗೆ ವಿಮಾ ಮೊತ್ತದ ಅರ್ಧ ಮಾತ್ರ ಎಂಬ ಷರತ್ತು ಆ ಪಾಲಿಸಿಯಲ್ಲಿತ್ತು; ಅಂದರೆ ಮಿತಿ ₹42,500. ಒಪ್ಪಿತ ಮೊತ್ತ ಅದಕ್ಕಿಂತ ಕಡಿಮೆ ಇದ್ದುದರಿಂದ ನಷ್ಟವಾಗಲಿಲ್ಲ, ಆದರೆ ಪತ್ನಿಯ ಸಾಮಾನನ್ನು ಪತಿಯ ಹೆಸರಿನ ಬ್ಯಾಗಿನಲ್ಲಿ ಏಕೆ ಕೇಳುತ್ತೀರಿ ಎಂಬ ಪ್ರಶ್ನೆಗೆ ಇಬ್ಬರೂ ಸಹಿ ಮಾಡಿದ ಹೇಳಿಕೆ ಕೊಡಬೇಕಾಯಿತು. ಟ್ಯಾಗುಗಳನ್ನು ಬೋರ್ಡಿಂಗ್ ಪಾಸಿಗೆ ಅಂಟಿಸುವ ಮುನ್ನ ಯಾರ ಬ್ಯಾಗು ಯಾರ ಹೆಸರಿನಲ್ಲಿದೆ ಎಂದು ನೋಡಲು ಅರ್ಧ ನಿಮಿಷ ಸಾಕು.

ಹಾಗಾದರೆ ₹37,400 ಇದ್ದದ್ದು ₹4,900 ಆದದ್ದು ಹೇಗೆ? ಕಂಪನಿ ಎರಡು ಮೊತ್ತಗಳನ್ನು ಕಳೆದಿತ್ತು. ಮೊದಲನೆಯದು ವಿಳಂಬದ ಬಾಬ್ತಿನಲ್ಲಿ ಆಗಲೇ ಕೊಟ್ಟಿದ್ದ ₹8,500. ಇದು ಅನ್ಯಾಯವೆಂದು ಮಾಸ್ತರರಿಗೆ ಅನ್ನಿಸಿತ್ತು, ಆದರೆ ಪಾಲಿಸಿಯಲ್ಲಿ ಹಾಗೆಯೇ ಬರೆದಿತ್ತು ಮತ್ತು ಅದರಲ್ಲಿ ಅರ್ಥವೂ ಇದೆ: ಕಳೆದ ಕೋಟಿನ ಬೆಲೆಯನ್ನೂ ಅದರ ಬದಲಿಗೆ ಕೊಂಡ ಜಾಕೆಟ್ಟಿನ ಬೆಲೆಯನ್ನೂ ಎರಡೂ ಕೊಟ್ಟರೆ ಒಂದೇ ನಷ್ಟಕ್ಕೆ ಎರಡು ಸಲ ಕೊಟ್ಟಂತೆ. ಎರಡನೆಯದು ವಿಮಾನಯಾನ ಸಂಸ್ಥೆ ಕೊಟ್ಟ ₹24,000. ಇದನ್ನು ಕಳೆಯುವ ಹಕ್ಕೂ ವಿಮಾ ಕಂಪನಿಗಿದೆ, ಆದರೆ ಅದೇ ವಸ್ತುಗಳಿಗಾಗಿ ಬಂದ ಹಣವನ್ನು ಮಾತ್ರ. ಪರಿಹಾರದ ಪತ್ರದಲ್ಲಿ "ಸಾಮಾನಿನ ನಷ್ಟಕ್ಕೆ ಅಂತಿಮ ಪರಿಹಾರ" ಎಂಬ ಒಂದೇ ಸಾಲಿತ್ತು. ಯಾವುದಕ್ಕೆ ಎಷ್ಟು ಎಂಬುದು ಗೊತ್ತಿಲ್ಲದಾಗ ಕಂಪನಿ ಪೂರ್ತಿಯನ್ನೇ ಕಳೆಯಿತು.

ಇಲ್ಲೇ ಆ ಕಾಗದದ ಕೊರತೆ ಇದ್ದದ್ದು. ನಾವು ವಿಮಾನಯಾನ ಸಂಸ್ಥೆಗೆ ಬರೆಸಿ, ಅವರು ಮೊತ್ತವನ್ನು ಲೆಕ್ಕ ಹಾಕಿದ ವಸ್ತುವಾರು ವಿವರವನ್ನು ಕೇಳಿದೆವು. ಬಂದ ವಿವರದಲ್ಲಿ ₹9,000 ಕ್ಯಾಮೆರಾಕ್ಕೆಂದು ತೋರಿಸಲಾಗಿತ್ತು. ಕ್ಯಾಮೆರಾ ವಿಮೆಯಲ್ಲಿ ಸೇರಿಯೇ ಇಲ್ಲವೆಂದ ಮೇಲೆ ಅದಕ್ಕೆ ಬೇರೆಯವರು ಕೊಟ್ಟ ಹಣವನ್ನು ವಿಮೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಈ ವಿವರ, ವಸ್ತುಪಟ್ಟಿಯ ಪ್ರತಿ, ಫೋಟೋ, ಇವುಗಳನ್ನು ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮನವಿ ಕೊಟ್ಟ ಮೇಲೆ ಕಳೆಯುವ ಮೊತ್ತ ₹15,000ಕ್ಕೆ ಇಳಿದು, ನಷ್ಟದ ಬಾಬ್ತಿನಲ್ಲಿ ₹13,900 ಮಂಜೂರಾಯಿತು. ವಿಮಾನಯಾನ ಸಂಸ್ಥೆಯದೂ ವಿಳಂಬದ ಬಾಬ್ತಿನದೂ ಸೇರಿ ಆ ಸೂಟ್‌ಕೇಸಿಗೆ ಒಟ್ಟು ಬಂದದ್ದು ₹46,400. ಕೇಳಿದ್ದರ ಅರ್ಧಕ್ಕೂ ಕಡಿಮೆ ಎನ್ನುವುದು ನಿಜ. ಆದರೆ ಕ್ಯಾಮೆರಾ ಮತ್ತು ದೀಪಗಳನ್ನು ಬಿಟ್ಟು ನೋಡಿದರೆ ಈ ಲೆಕ್ಕ ನನಗೆ ನ್ಯಾಯವೆಂದೇ ತೋರುತ್ತದೆ.

ಕೊನೆಯದು ಪ್ರವಾಸ ರದ್ದತಿಯ ಕ್ಲೇಮು, ಅದು ತಿರಸ್ಕೃತವಾಯಿತು. ಹ್ಯಾಂಬರ್ಗ್‌ಗೆ ಹೋದ ಮೂರನೆಯ ದಿನ ಅವರೆಲ್ಲ ಪ್ಯಾರಿಸ್‌ಗೆ ಹೋಗಬೇಕೆಂದು ಹಣ ಮರಳದ ಹೋಟೆಲು ಮತ್ತು ರೈಲಿಗೆ ₹36,000 ಮುಂಗಡ ಕಟ್ಟಿದ್ದರು. ಸೂಟ್‌ಕೇಸು ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ ಆ ಪ್ರಯಾಣವನ್ನು ಬಿಟ್ಟರು. ರದ್ದತಿಯ ಬಾಬ್ತು ಮನೆಯಿಂದ ಹೊರಡುವ ಮೊದಲಿನ ರದ್ದತಿಗೆ ಮಾತ್ರ. ಹೊರಟ ಮೇಲೆ ಅದು ಮೊಟಕಾದ ಪ್ರವಾಸದ ಬೇರೆ ಬಾಬ್ತಾಗುತ್ತದೆ, ಅದು ಇವರ ಪಾಲಿಸಿಯಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಎರಡರಲ್ಲೂ ಕಾರಣಗಳ ಪಟ್ಟಿ ಮುಚ್ಚಿದ ಪಟ್ಟಿ: ಕುಟುಂಬದಲ್ಲಿ ಸಾವು, ಮನೆಗೆ ಬೆಂಕಿ ಅಥವಾ ನೆರೆಯಿಂದ ದೊಡ್ಡ ಹಾನಿ, ಹೋಗಬೇಕಾದ ಊರಿನಲ್ಲಿ ಪ್ರಕೃತಿ ವಿಕೋಪ, ಈ ಬಗೆಯವು. ಬ್ಯಾಗಿಗಾಗಿ ಕಾದದ್ದು, ಮನಸ್ಸು ಬದಲಾದದ್ದು ಅದರಲ್ಲಿ ಬರುವುದಿಲ್ಲ. ವೀಸಾ ನಿರಾಕರಣೆಯೂ ಹೆಚ್ಚಿನ ಪಾಲಿಸಿಗಳಲ್ಲಿ ಪ್ರತ್ಯೇಕವಾಗಿ ತೆಗೆದುಕೊಂಡಿದ್ದರೆ ಮಾತ್ರ ಬರುತ್ತದೆ. ಈ ತಿರಸ್ಕಾರವನ್ನು ಪ್ರಶ್ನಿಸುವುದು ಬೇಡವೆಂದು ನಾನೇ ಹೇಳಿದೆ.

ಪಟ್ಟಿಯೊಳಗಿನ ಕಾರಣಕ್ಕೇ ಪ್ರವಾಸ ರದ್ದಾದಾಗಲೂ ಎರಡು ಬಗೆಯ ಕಾಗದ ಬೇಕು. ಘಟನೆ ನಡೆದದ್ದನ್ನು ಹೇಳುವ ಅಧಿಕೃತ ದಾಖಲೆ ಒಂದು, ಉದಾಹರಣೆಗೆ ಮನೆಗೆ ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ಠಾಣೆಯ ವರದಿ. ಅದರಲ್ಲಿನ ದಿನಾಂಕ ಪಾಲಿಸಿ ಕೊಂಡ ದಿನಾಂಕದ ನಂತರದ್ದಾಗಿರಬೇಕು. ಇನ್ನೊಂದು, ಕಟ್ಟಿದ ಹಣದಲ್ಲಿ ಎಷ್ಟು ಮರಳಿತು, ಎಷ್ಟು ಮರಳುವುದಿಲ್ಲ ಎಂದು ವಿಮಾನಯಾನ ಸಂಸ್ಥೆ ಮತ್ತು ಹೋಟೆಲು ಬರೆದುಕೊಟ್ಟ ಲೆಕ್ಕ. ಹಣ ಮರಳದ ಟಿಕೆಟ್ಟಿನಲ್ಲೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಸಂಸ್ಥೆ ಮರಳಿಸಬೇಕಾಗುತ್ತದೆ. ಪ್ರಯಾಣಿಕ ಅದನ್ನು ಕೇಳದೆ ಬಿಟ್ಟಿದ್ದರೂ ವಿಮಾ ಕಂಪನಿ ಆ ಭಾಗವನ್ನು ಕಳೆದೇ ಲೆಕ್ಕ ಹಾಕುತ್ತದೆ. ಟಿಕೆಟ್ಟನ್ನು ರದ್ದು ಮಾಡಿಸದೆ ಸುಮ್ಮನೆ ವಿಮಾನ ಹತ್ತದೇ ಉಳಿದವರಿಗೆ ಈ ಲೆಕ್ಕದ ಪತ್ರ ಸಿಗುವುದೇ ಕಷ್ಟ.

ಕುಂದುಕೊರತೆ ಅಧಿಕಾರಿಯ ಹಂತದಲ್ಲೇ ವಿಷಯ ಮುಗಿದದ್ದರಿಂದ ಮಾಸ್ತರರು ಮುಂದೆ ಹೋಗಬೇಕಾಗಲಿಲ್ಲ. ಅಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ಅರ್ಜಿ ಕೊಡಬಹುದು. ಅದರ ಬದಲು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಅವಧಿ ಎರಡು ವರ್ಷ. ಎಲ್ಲಿಗೆ ಹೋದರೂ ಹ್ಯಾಂಬರ್ಗ್‌ನ ಕೌಂಟರಿನಲ್ಲಿ ಪಡೆದ ಆ ಪಿಐಆರ್, ಟ್ಯಾಗಿನ ಚೀಟಿ, ಬೋರ್ಡಿಂಗ್ ಪಾಸು ಮತ್ತು ವಸ್ತುವಾರು ವಿವರದ ಪತ್ರಗಳನ್ನೇ ಮತ್ತೆ ಕೇಳುತ್ತಾರೆ. ಆದ್ದರಿಂದ ಮೂಲಪ್ರತಿಗಳನ್ನು ಕಂಪನಿಗೆ ಕೊಡುವ ಮುನ್ನ ಪ್ರತಿಯೊಂದರ ಸ್ಕ್ಯಾನ್ ಮಾಡಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಳ್ಳುವಂತೆ ಅವರಿಗೆ ಹೇಳಿದ್ದೆವು.